ದೊಡ್ಡದಾದರೆ ಪೊಟ್ಯಾಸಿಯಂ ಚುರುಕು, ಅಯೋಡಿನ್ ಮಂಕು: ಯಾಕೆ ಹೀಗೆ?

ಪ್ರಶ್ನೆ: ಮೇಡಂ, ನಾನು ಕುಮಟಾದಲ್ಲಿ ಫಸ್ಟ್ ಪಿಯುಸಿ ಸೈನ್ಸ್ ಓದುತ್ತಿದ್ದೇನೆ. "ಗುಂಪಿನಲ್ಲಿ ಕೆಳಗೆ ಹೋದ ಹಾಗೆ ಪರಮಾಣು ದೊಡ್ಡದಾಗುತ್ತದೆ, ಆದ್ದರಿಂದ ಕ್ರಿಯಾಶೀಲತೆ ಜಾಸ್ತಿಯಾಗುತ್ತದೆ" ಅಂತ ಸೋಡಿಯಂ, ಪೊಟ್ಯಾಸಿಯಂ ಪ್ರಶ್ನೆಗೆ ಬರೆದೆ. ಪೂರ್ತಿ ಮಾರ್ಕ್ಸ್ ಬಂತು. ಕ್ಲೋರಿನ್, ಬ್ರೋಮಿನ್ ಪ್ರಶ್ನೆಗೂ ಅದನ್ನೇ ಬರೆದೆ. ಸೊನ್ನೆ ಬಂತು. ಒಂದೇ ಕಾರಣ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಹೇಗಾಗುತ್ತದೆ? ಮತ್ತೆ, ಎಡದಿಂದ ಬಲಕ್ಕೆ ಹೋಗುವಾಗ ಎಲೆಕ್ಟ್ರಾನ್ ಸೇರುತ್ತಲೇ ಹೋಗುತ್ತದಲ್ಲ, ಆದರೂ ಪರಮಾಣು ಚಿಕ್ಕದಾಗುವುದು ಯಾಕೆ?

ಉತ್ತರ: ನಿನ್ನ ವಾಕ್ಯದ ಮೊದಲರ್ಧ ಎರಡೂ ಕಡೆ ಸರಿ ಇದೆ. ತಪ್ಪಿರುವುದು "ಆದ್ದರಿಂದ" ಎಂಬ ಒಂದೇ ಪದದಲ್ಲಿ. ಗಾತ್ರದಿಂದ ನೇರ ಕ್ರಿಯಾಶೀಲತೆಗೆ ಹಾರಿಬಿಟ್ಟೆ. ಆ ಎರಡರ ನಡುವೆ ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಪರಮಾಣು ಎಲೆಕ್ಟ್ರಾನನ್ನು ಕೊಡುವ ಜಾತಿಯದೋ, ತೆಗೆದುಕೊಳ್ಳುವ ಜಾತಿಯದೋ? ಅದಕ್ಕೆ ಆಮೇಲೆ ಬರುತ್ತೇನೆ. ನಿನ್ನ ಎರಡನೇ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳೋಣ. ಅದು ತಿಳಿದರೆ ಮೊದಲನೆಯದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಪರಮಾಣು ಅಂದರೆ ಚೀಲ, ಎಲೆಕ್ಟ್ರಾನ್ ಅಂದರೆ ಅದರೊಳಗೆ ತುಂಬುವ ಅಕ್ಕಿ ಎಂದು ನಾವು ಒಳಗೊಳಗೇ ಅಂದುಕೊಂಡಿರುತ್ತೇವೆ. ಜಾಸ್ತಿ ತುಂಬಿದರೆ ಚೀಲ ಉಬ್ಬಬೇಕು, ಅಲ್ವಾ? ಗೊಂದಲ ಶುರುವಾಗುವುದೇ ಅಲ್ಲಿಂದ. ಪರಮಾಣುವಿಗೆ ಚೀಲದಂಥ ಗೋಡೆ ಇಲ್ಲ. ಹೊರಗಿನ ಎಲೆಕ್ಟ್ರಾನನ್ನು ನಡುವಿನ ನ್ಯೂಕ್ಲಿಯಸ್ ಎಷ್ಟು ಹತ್ತಿರಕ್ಕೆ ಎಳೆದುಕೊಂಡಿದೆಯೋ ಅಷ್ಟೇ ಅದರ ಗಾತ್ರ. ಹಾಗಾಗಿ ಎಣಿಸಬೇಕಾದದ್ದು ಎಷ್ಟು ಎಲೆಕ್ಟ್ರಾನ್ ಇವೆ ಎಂದಲ್ಲ. ಹೊರಗಿನ ಎಲೆಕ್ಟ್ರಾನಿಗೆ ಎಷ್ಟು ಎಳೆತ ತಟ್ಟುತ್ತಿದೆ, ಅದು ಎಷ್ಟನೇ ಕವಚದಲ್ಲಿ ಕೂತಿದೆ, ಇವೆರಡನ್ನು.

ಎಳೆತವನ್ನು ಲೆಕ್ಕ ಹಾಕಲು ಶಿರಸಿ ಜಾತ್ರೆಗೆ ಹೋಗಿಬರೋಣ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ದೇವಿ ಬಿಡಕಿ ಬೈಲಿನ ಗದ್ದುಗೆಯಲ್ಲಿ ಕೂತಿರುತ್ತಾಳೆ, ನೀನು ಹಿಂದಿನ ಸಾಲಿನಲ್ಲಿ ನಿಂತಿದ್ದೀಯ. ದೇವಿಯ ಮುಖ ಕಾಣದ ಹಾಗೆ ಅಡ್ಡ ಬರುವವರು ಯಾರು? ನಿನ್ನ ಮುಂದಿನ ಸಾಲುಗಳವರು. ನಿನ್ನದೇ ಸಾಲಿನಲ್ಲಿ ಅಕ್ಕಪಕ್ಕ ನಿಂತವರಿಂದ ಭುಜ ತಾಗಬಹುದು, ಒಂಚೂರು ಇಕ್ಕಟ್ಟಾಗಬಹುದು, ಆದರೆ ಅವರು ದೃಷ್ಟಿಗೆ ಅಷ್ಟೊಂದು ಅಡ್ಡಿಯಲ್ಲ.

ಎಲೆಕ್ಟ್ರಾನಿನ ಕಥೆಯೂ ಇದೇ. ಒಳಗಿನ ಕವಚಗಳಲ್ಲಿರುವ ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್ಸಿನ ಎಳೆತಕ್ಕೆ ಚೆನ್ನಾಗಿ ಅಡ್ಡ ನಿಲ್ಲುತ್ತವೆ. ಒಂದೇ ಕವಚದಲ್ಲಿ ಪಕ್ಕಪಕ್ಕ ಇರುವವು ಒಂದಕ್ಕೊಂದು ಅಡ್ಡ ಬರುವುದು ಕಡಿಮೆ. ಎಷ್ಟು ಜಾಸ್ತಿ, ಎಷ್ಟು ಕಡಿಮೆ ಎಂದು ಲೆಕ್ಕ ಹಾಕಲು 1930ರಲ್ಲಿ ಜಾನ್ ಸ್ಲೇಟರ್ ಎಂಬಾತ ಒಂದು ಸುಲಭ ನಿಯಮ ಕೊಟ್ಟ. ಅದು ಅಂದಾಜಿನ ನಿಯಮ, ಆದರೆ ನಮ್ಮ ಕೆಲಸಕ್ಕೆ ಸಾಕು. ಒಂದು ಪ್ರೋಟಾನಿನ ಎಳೆತವನ್ನು 1 ಎಂದಿಟ್ಟುಕೊಂಡರೆ, ಅದೇ ಕವಚದ ಪ್ರತಿ ಎಲೆಕ್ಟ್ರಾನ್ 0.35ರಷ್ಟು ಅಡ್ಡ. ಒಂದು ಕವಚ ಒಳಗಿರುವುದು 0.85ರಷ್ಟು. ಅದಕ್ಕೂ ಒಳಗಿನದು ಪೂರ್ತಿ 1.

ಈಗ ಮೂರನೇ ಆವರ್ತದ ಎರಡು ತುದಿ ಹಿಡಿಯೋಣ. ಸೋಡಿಯಂ ನ್ಯೂಕ್ಲಿಯಸ್ಸಿನಲ್ಲಿ 11 ಪ್ರೋಟಾನ್. ಎಲೆಕ್ಟ್ರಾನ್ 2, 8, 1. ಹೊರಗಿನ ಒಂಟಿ ಎಲೆಕ್ಟ್ರಾನಿನ ಮುಂದಿನ ಸಾಲಿನಲ್ಲಿ ಎಂಟು ಜನ, ಅದಕ್ಕೂ ಮುಂದೆ ಇಬ್ಬರು. ಅಡ್ಡಿ 8 × 0.85 + 2 × 1, ಅಂದರೆ 8.8. 11ರಲ್ಲಿ 8.8 ಕಳೆದರೆ ಉಳಿಯುವ ಎಳೆತ 2.2.

ಕ್ಲೋರಿನ್‌ನಲ್ಲಿ 17 ಪ್ರೋಟಾನ್. ಎಲೆಕ್ಟ್ರಾನ್ 2, 8, 7. ಹೊರಗಿನ ಏಳರಲ್ಲಿ ಒಂದನ್ನು ಆರಿಸಿಕೋ. ಮುಂದಿನ ಸಾಲುಗಳು ಸೋಡಿಯಂನಲ್ಲಿ ಇದ್ದವೇ, ಅದೇ 8.8. ಪಕ್ಕದಲ್ಲಿ ಆರು ಜನ, 6 × 0.35 ಅಂದರೆ 2.1. ಒಟ್ಟು ಅಡ್ಡಿ 10.9. 17ರಲ್ಲಿ ಕಳೆದರೆ 6.1.

ಗಮನಿಸಿದೆಯಾ? ಸೋಡಿಯಂನಿಂದ ಕ್ಲೋರಿನ್‌ಗೆ ಬರುವಾಗ ಆರು ಪ್ರೋಟಾನ್ ಜಾಸ್ತಿಯಾದವು, ಆರು ಎಲೆಕ್ಟ್ರಾನ್ ಜಾಸ್ತಿಯಾದವು. ಆರಕ್ಕೆ ಆರು ಹೊಂದಿಕೊಂಡು ಹೋಗಬೇಕಿತ್ತು ಎಂದು ಅನಿಸುತ್ತದೆ. ಆದರೆ ಹೊಸ ಎಲೆಕ್ಟ್ರಾನ್‌ಗಳೆಲ್ಲ ನಿಂತಿದ್ದು ಅದೇ ಸಾಲಿನಲ್ಲಿ, ಅಕ್ಕಪಕ್ಕ. ಅವು ಆರು ಪ್ರೋಟಾನುಗಳ ಎಳೆತದಲ್ಲಿ 2.1ರಷ್ಟನ್ನು ಮಾತ್ರ ತಡೆದವು. ಕವಚ ಅದೇ ಮೂರನೆಯದು, ಎಳೆತ ಮಾತ್ರ ಹೆಚ್ಚುಕಡಿಮೆ ಮೂರು ಪಟ್ಟು. ಇಡೀ ಸಾಲನ್ನೇ ಒಳಕ್ಕೆ ಎಳೆದ ಹಾಗಾಯಿತು. ನಿಮ್ಮ ಪುಸ್ತಕದ ಪಟ್ಟಿಯಲ್ಲಿ ಪಿಕೋಮೀಟರ್ ಲೆಕ್ಕದಲ್ಲಿ ನೋಡು: ಸೋಡಿಯಂ 186, ಮೆಗ್ನೀಸಿಯಂ 160, ಅಲ್ಯುಮಿನಿಯಂ 143, ಹಾಗೇ ಇಳಿಯುತ್ತಾ ಕ್ಲೋರಿನ್ 99. (ಕೆಲವು ಪಟ್ಟಿಗಳಲ್ಲಿ ಕ್ಲೋರಿನ್ ಆದ ಮೇಲೆ ಆರ್ಗಾನ್ ದಿಢೀರನೆ ದೊಡ್ಡದಾಗಿ ಕಾಣುತ್ತದೆ. ತಲೆ ಕೆಡಿಸಿಕೊಳ್ಳಬೇಡ. ಕ್ಲೋರಿನ್‌ದು ಒಂದಕ್ಕೊಂದು ಬಂಧ ಹಾಕಿಕೊಂಡ ಎರಡು ಪರಮಾಣುಗಳ ನಡುವಿನ ದೂರದ ಅರ್ಧ. ಆರ್ಗಾನ್ ಬಂಧವನ್ನೇ ಹಾಕಿಕೊಳ್ಳುವುದಿಲ್ಲ, ಸುಮ್ನೆ ಪಕ್ಕದಲ್ಲಿ ನಿಂತ ಎರಡು ಪರಮಾಣುಗಳ ದೂರದ ಅರ್ಧ ಅದು. ಅಳತೆ ಕೋಲೇ ಬೇರೆ.)

ಈಗ ಗುಂಪಿನಲ್ಲಿ ಕೆಳಗೆ ಇಳಿ. ಸೋಡಿಯಂ ಕೆಳಗೆ ಪೊಟ್ಯಾಸಿಯಂ. 19 ಪ್ರೋಟಾನ್, ಎಲೆಕ್ಟ್ರಾನ್ 2, 8, 8, 1. ಅಡ್ಡಿ ಲೆಕ್ಕ ಹಾಕು: ಒಂದು ಕವಚ ಒಳಗೆ ಎಂಟು, 6.8. ಅದಕ್ಕೂ ಒಳಗೆ ಹತ್ತು, 10. ಒಟ್ಟು 16.8. 19ರಲ್ಲಿ ಕಳೆದರೆ ಮತ್ತೆ 2.2! ಎಂಟು ಪ್ರೋಟಾನ್ ಜಾಸ್ತಿ ಆದರೂ ಹೊರಗಿನ ಎಲೆಕ್ಟ್ರಾನಿಗೆ ತಟ್ಟುವ ಎಳೆತ ಸೋಡಿಯಂನಷ್ಟೇ. ಆದರೆ ಈಗ ಅದು ನಾಲ್ಕನೇ ಕವಚದಲ್ಲಿದೆ. ಅದೇ ಎಳೆತ, ಹೆಚ್ಚು ದೂರ. 186 ಇದ್ದದ್ದು 231 ಆಯಿತು. ನಾನು ಪಾಠ ಮಾಡುವಾಗ ಈ ಎರಡು 2.2ಗಳನ್ನು ಬೋರ್ಡಿನಲ್ಲಿ ಒಂದರ ಕೆಳಗೊಂದು ಬರೆದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದೆ. ಆಮೇಲೆ ವಿವರಿಸುವ ಕೆಲಸ ಕಡಿಮೆಯಾಗುತ್ತಿತ್ತು.

ಇನ್ನು ನಿನಗೆ ಸೊನ್ನೆ ತಂದುಕೊಟ್ಟ ಪ್ರಶ್ನೆ.

ಸೋಡಿಯಂ, ಪೊಟ್ಯಾಸಿಯಂ ಕೊಡುವ ಜಾತಿ. ಹೊರಗಿನ ಒಂದು ಎಲೆಕ್ಟ್ರಾನ್ ಬಿಟ್ಟುಕೊಟ್ಟರೆ ಅವುಗಳ ಕೆಲಸ ಮುಗಿಯಿತು. ಆ ಎಲೆಕ್ಟ್ರಾನ್ ದೂರದಲ್ಲಿ ಸಡಿಲವಾಗಿ ಕೂತಿದ್ದಷ್ಟೂ ಬಿಟ್ಟುಕೊಡುವುದು ಸುಲಭ. ಒಂದು ಮೋಲ್ ಪರಮಾಣುಗಳಿಂದ ಅದನ್ನು ಕಿತ್ತು ತೆಗೆಯಲು ಸೋಡಿಯಂಗೆ 496 ಕಿಲೋಜೂಲ್ ಬೇಕು, ಪೊಟ್ಯಾಸಿಯಂಗೆ 419 ಸಾಕು. ಇಲ್ಲಿ ದೊಡ್ಡ ಗಾತ್ರದಿಂದ ಅನುಕೂಲ.

ಇದನ್ನು ಲ್ಯಾಬಿನಲ್ಲಿ ಕಣ್ಣಾರೆ ನೋಡಬಹುದು. ಸೋಡಿಯಂನ ಹೆಸರುಕಾಳಿನಷ್ಟು ಚೂರನ್ನು ಸೀಮೆಎಣ್ಣೆಯಿಂದ ಎತ್ತಿ ಚಾಕುವಿನಲ್ಲಿ ಕತ್ತರಿಸಿದರೆ ಬೆಣ್ಣೆ ಕತ್ತರಿಸಿದ ಹಾಗೆ. ಕತ್ತರಿಸಿದ ಮುಖ ಬೆಳ್ಳಿಯ ಹಾಗೆ ಹೊಳೆಯುತ್ತದೆ. ನಮ್ಮ ಕರಾವಳಿಯ ಮಳೆಗಾಲದ ಗಾಳಿಯಲ್ಲಿ ಆ ಹೊಳಪು ನೋಡನೋಡುತ್ತಿದ್ದ ಹಾಗೆ ಮಾಸುತ್ತದೆ. ಅಗಲ ಬಾಯಿಯ ಪಾತ್ರೆಯ ನೀರಿಗೆ ಹಾಕಿದರೆ ಅದು ತೇಲುತ್ತದೆ, ತನ್ನ ಬಿಸಿಗೆ ತಾನೇ ಕರಗಿ ಗುಂಡಗಾಗುತ್ತದೆ, ಸುಯ್ ಎನ್ನುತ್ತಾ ನೀರಿನ ಮೇಲೆ ಓಡಾಡುತ್ತದೆ. ಅದೇ ಗಾತ್ರದ ಪೊಟ್ಯಾಸಿಯಂ ಚೂರು ಓಡಾಡುವವರೆಗೂ ಕಾಯುವುದಿಲ್ಲ. ನೀರು ತಾಗಿದ ತಕ್ಷಣ ತಿಳಿ ನೇರಳೆ ಬಣ್ಣದ ಉರಿ ಏಳುತ್ತದೆ. ಇದನ್ನೆಲ್ಲ ಉಪನ್ಯಾಸಕರು ಮಾಡಬೇಕು, ನೀನು ಕನ್ನಡಕ ಹಾಕಿಕೊಂಡು ದೂರದಿಂದ ನೋಡಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಜುಲೈ ತಿಂಗಳು ಸೋಡಿಯಂ ಒರೆಸಿದ ಫಿಲ್ಟರ್ ಪೇಪರನ್ನು ನಾನೇ ಮರೆತು ಕಸದ ಬುಟ್ಟಿಗೆ ಹಾಕಿದ್ದೆ. ಬುಟ್ಟಿಯಲ್ಲಿ ಯಾರೋ ಕೈ ಒರೆಸಿದ ಒದ್ದೆ ಕಾಗದಗಳಿದ್ದವು. ಪೇಪರಿಗೆ ಅಂಟಿದ್ದ ಚೂರು ಎಷ್ಟು ಸಣ್ಣದೆಂದರೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪಾಠ ಮುಗಿಸಿ ಬರುವಷ್ಟರಲ್ಲಿ ಬುಟ್ಟಿ ಹೊಗೆಯಾಡುತ್ತಿತ್ತು. ನೀರು ಹಾಕಲು ಓಡಿ ಬಂದ ಹುಡುಗನನ್ನು ತಡೆದು ಮರಳು ಸುರಿದದ್ದು ಅಟೆಂಡರ್, ನಾನಲ್ಲ.

ಲಿಥಿಯಂ ಬಗ್ಗೆ ಒಂದು ಮಾತು. ಅದು ನೀರಿನಲ್ಲಿ ನಿಧಾನವಾಗಿ ಗುಳ್ಳೆ ಬಿಡುತ್ತಾ ಕೂರುತ್ತದೆ. ಆದರೆ ಒಟ್ಟು ಹೊರಬೀಳುವ ಶಾಖವನ್ನು ಮೋಲ್‌ಗೆ ಇಷ್ಟು ಎಂದು ಅಳೆದರೆ ಲಿಥಿಯಂ ಸೋಡಿಯಂಗಿಂತ ಜಾಸ್ತಿಯೇ ಕೊಡುತ್ತದೆ. ಮತ್ತೆ ಯಾಕೆ ನಿಧಾನ? ಎಲೆಕ್ಟ್ರಾನ್ ಕೀಳಲು 520 ಕಿಲೋಜೂಲ್ ಬೇಕು ಎನ್ನುವುದು ಒಂದು. ಇನ್ನೊಂದು, ಸೋಡಿಯಂ 98 ಡಿಗ್ರಿಗೆ ಕರಗುತ್ತದೆ, ಲಿಥಿಯಂ ಕರಗಲು 180 ಬೇಕು. ಕರಗದೇ ಗಟ್ಟಿಯಾಗಿಯೇ ಉಳಿಯುವುದರಿಂದ ನೀರಿಗೆ ಹೊಸ ಮುಖ ಸಿಗುವುದು ತಡ. ಅಂದರೆ "ಕ್ರಿಯಾಶೀಲತೆ" ಎಂದು ನಾವು ಇಲ್ಲಿ ಹೇಳುತ್ತಿರುವುದು ಎಷ್ಟು ಬೇಗ ಎಂಬುದನ್ನು, ಒಟ್ಟು ಎಷ್ಟು ಶಕ್ತಿ ಎಂಬುದನ್ನಲ್ಲ. ಪಠ್ಯಪುಸ್ತಕಗಳು ಇವೆರಡನ್ನೂ ಒಂದೇ ಪದದಲ್ಲಿ ಹೇಳಿ ಮುಗಿಸುತ್ತವೆ, ನನಗೆ ಅದು ಅಷ್ಟು ಹಿಡಿಸುವುದಿಲ್ಲ.

ಈಗ 17ನೇ ಗುಂಪು. ಕ್ಲೋರಿನ್, ಬ್ರೋಮಿನ್, ಅಯೋಡಿನ್ ತೆಗೆದುಕೊಳ್ಳುವ ಜಾತಿ. ಹೊರ ಕವಚದಲ್ಲಿ ಏಳಿವೆ, ಇನ್ನೊಂದು ಬೇಕು. ಹೊರಗಿನಿಂದ ಬರುವ ಎಲೆಕ್ಟ್ರಾನನ್ನು ಹಿಡಿದು ಇಟ್ಟುಕೊಳ್ಳಬೇಕೆಂದರೆ ನ್ಯೂಕ್ಲಿಯಸ್ ಹತ್ತಿರ ಇರಬೇಕು. ಕ್ಲೋರಿನ್ 99 ಪಿಕೋಮೀಟರ್, ಬ್ರೋಮಿನ್ 114, ಅಯೋಡಿನ್ 133. ಪರಮಾಣು ದೊಡ್ಡದಾದ ಹಾಗೆ ಹೊಸ ಎಲೆಕ್ಟ್ರಾನ್ ದೂರದಲ್ಲಿ ಕೂರಬೇಕು, ಹಿಡಿತ ಸಡಿಲ. ಗಾತ್ರ ಮಾಡುವ ಕೆಲಸ ಎರಡೂ ಗುಂಪಿನಲ್ಲಿ ಒಂದೇ: ಹೊರಗಿನ ಎಲೆಕ್ಟ್ರಾನಿನ ಹಿಡಿತ ಸಡಿಲಿಸುವುದು. ಬಿಟ್ಟುಕೊಡಬೇಕಾದವನಿಗೆ ಸಡಿಲ ಹಿಡಿತ ಲಾಭ, ಹಿಡಿದಿಟ್ಟುಕೊಳ್ಳಬೇಕಾದವನಿಗೆ ನಷ್ಟ.

ಇದಕ್ಕೆ ಸಾಕ್ಷಿ ಬೇಕೆಂದರೆ ನಿನ್ನ ಊರಿನ ಹತ್ತಿರವೇ ಇದೆ. ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರ ನೋಡಿದ್ದೀಯಲ್ಲ. ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಪಾತಿಗಳಿಗೆ ಬಿಟ್ಟು ಬಿಸಿಲಿಗೆ ಒಣಗಿಸುತ್ತಾರೆ. ನೀರು ಆರುತ್ತಾ ಬಂದ ಹಾಗೆ ಉಪ್ಪು ಹರಳುಗಟ್ಟುತ್ತದೆ. ಅದನ್ನು ಎಳೆದು ರಾಶಿ ಹಾಕುತ್ತಾರೆ. ಎಲ್ಲ ನೀರೂ ಉಪ್ಪಾಗುವುದಿಲ್ಲ, ಕೊನೆಗೆ ಒಂದಿಷ್ಟು ಕಹಿ ನೀರು ಉಳಿಯುತ್ತದೆ. ಮೆಗ್ನೀಸಿಯಂ ಲವಣಗಳಿಂದ ಬರುವ ಕಹಿ ಅದು. ಆ ಕಹಿ ನೀರಿನಲ್ಲಿ ಬ್ರೋಮೈಡ್ ಕೂಡ ಸೇರಿಕೊಂಡಿರುತ್ತದೆ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಕ್ಲೋರೈಡ್ ಸುಮಾರು 19 ಗ್ರಾಂ ಇದ್ದರೆ ಬ್ರೋಮೈಡ್ ಸುಮಾರು 67 ಮಿಲಿಗ್ರಾಂ ಮಾತ್ರ. ಉಪ್ಪು ಹರಳಾಗಿ ಹೊರಗೆ ಹೋದ ಹಾಗೆ ಬ್ರೋಮೈಡ್ ಹೆಚ್ಚಾಗಿ ನೀರಿನಲ್ಲೇ ಉಳಿದು ದಟ್ಟವಾಗುತ್ತದೆ. ನೋಡಲು ಅದಕ್ಕೆ ಬಣ್ಣವಿಲ್ಲ, ಹಾಗಾಗಿ ಇದೆ ಎಂದೇ ಗೊತ್ತಾಗುವುದಿಲ್ಲ.

ಫ್ರಾನ್ಸಿನ ಮೋಂಪೆಲಿಯೇ ಎಂಬ ಊರಿನ ಹತ್ತಿರವೂ ಇಂಥವೇ ಉಪ್ಪಿನ ಆಗರಗಳಿದ್ದವು. ಅಲ್ಲಿ ಆಂತ್ವಾನ್ ಬಾಲಾರ್ ಎಂಬ ಇಪ್ಪತ್ತರ ಹರೆಯದ ಹುಡುಗ ಈ ಕಹಿ ನೀರಿಗೆ ಕ್ಲೋರಿನ್ ಹಾಯಿಸಿದ. ಬಣ್ಣವಿಲ್ಲದ ನೀರು ಹಳದಿ ಕೆಂಪಾಯಿತು. ಅದರಿಂದ ಗಾಢ ಕೆಂಪಿನ, ಮೂಗು ಉರಿಸುವ ದ್ರವವೊಂದನ್ನು ಬೇರ್ಪಡಿಸಿ 1826ರಲ್ಲಿ ಜಗತ್ತಿಗೆ ಹೇಳಿದ. ಅದೇ ಬ್ರೋಮಿನ್. ಜರ್ಮನಿಯ ದೊಡ್ಡ ರಸಾಯನಶಾಸ್ತ್ರಜ್ಞ ಲೀಬಿಗ್ ಕೈಗೆ ಅದಕ್ಕೂ ಮೊದಲೇ ಇದೇ ದ್ರವದ ಸೀಸೆ ಬಂದಿತ್ತಂತೆ. ಕ್ಲೋರಿನ್, ಅಯೋಡಿನ್ ಸೇರಿದ ಯಾವುದೋ ಪದಾರ್ಥ ಎಂದುಕೊಂಡು ಚೀಟಿ ಅಂಟಿಸಿ ಇಟ್ಟುಬಿಟ್ಟಿದ್ದ. ಪಾಪ, ಅವನು ಹಾಗೆ ಅಂದುಕೊಂಡದ್ದೂ ಪೂರ್ತಿ ಮೂರ್ಖತನವಲ್ಲ. ಬ್ರೋಮಿನ್ ಎಲ್ಲದರಲ್ಲೂ ಅವೆರಡರ ನಡುವೆ ಕೂರುವಂಥದ್ದು.

ಬಾಲಾರ್ ಮಾಡಿದ್ದರಲ್ಲಿ ಏನಾಯಿತು ನೋಡು. ಕಹಿ ನೀರಿನಲ್ಲಿ ಬ್ರೋಮಿನ್ ಆಗಲೇ ಒಂದು ಎಲೆಕ್ಟ್ರಾನ್ ಹಿಡಿದುಕೊಂಡು ಬ್ರೋಮೈಡ್ ಅಯಾನ್ ಆಗಿ ಹಾಯಾಗಿತ್ತು. ಕ್ಲೋರಿನ್ ಬಂದು ಅದನ್ನು ಕಿತ್ತುಕೊಂಡಿತು. ಬ್ರೋಮೈಡ್‌ನ ಎಲೆಕ್ಟ್ರಾನ್ ನಾಲ್ಕನೇ ಕವಚದಲ್ಲಿ, ಸಡಿಲ. ಕ್ಲೋರಿನ್‌ಗೆ ಸೇರಿದರೆ ಮೂರನೇ ಕವಚದಲ್ಲಿ, ಬಿಗಿ. ಎಲೆಕ್ಟ್ರಾನ್ ಕಳೆದುಕೊಂಡ ಬ್ರೋಮಿನ್ ತನ್ನ ಬಣ್ಣದೊಂದಿಗೆ ಹೊರಗೆ ಬಂತು. ಇದಕ್ಕೆ ಇನ್ನೊಂದು ಕಾರಣವೂ ಜೊತೆ ಸೇರುತ್ತದೆ. ಕ್ಲೋರೈಡ್ ಅಯಾನ್ ಬ್ರೋಮೈಡ್‌ಗಿಂತ ಚಿಕ್ಕದು, ಅದಕ್ಕೇ ನೀರಿನ ಅಣುಗಳು ಅದನ್ನು ಇನ್ನೂ ಹತ್ತಿರದಿಂದ ಸುತ್ತಿಕೊಳ್ಳುತ್ತವೆ. ಅದರಿಂದಲೂ ಶಕ್ತಿ ಹೊರಬೀಳುತ್ತದೆ.

ನಿಮ್ಮ ಲ್ಯಾಬಿನಲ್ಲಿ ಇದನ್ನು ಪ್ರನಾಳದಲ್ಲೇ ಮಾಡಿಸಬಹುದು. ಪೊಟ್ಯಾಸಿಯಂ ಬ್ರೋಮೈಡ್ ದ್ರಾವಣಕ್ಕೆ ಕ್ಲೋರಿನ್ ನೀರು ಹನಿ ಹನಿಯಾಗಿ ಹಾಕಿದರೆ ಕಿತ್ತಳೆ ಬಣ್ಣ ಬರುತ್ತದೆ:

Cl₂ + 2KBr → 2KCl + Br₂

ಪೊಟ್ಯಾಸಿಯಂ ಅಯೋಡೈಡ್‌ಗೆ ಹಾಕಿದರೆ ಕಂದು ಬಣ್ಣ, ಅಯೋಡಿನ್ ಹೊರಬಂತು. ಒಂದು ಹನಿ ಅನ್ನದ ಗಂಜಿ ಬಿಟ್ಟರೆ ಕಡು ನೀಲಿಯಾಗಿ ಖಾತ್ರಿಯಾಗುತ್ತದೆ. ಈಗ ಉಲ್ಟಾ ಮಾಡಿ ನೋಡು. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣಕ್ಕೆ ಬ್ರೋಮಿನ್ ನೀರು ಹಾಕು. ಏನೂ ಆಗುವುದಿಲ್ಲ. ಇಲ್ಲಿ ಮಕ್ಕಳು ಎಡವುವ ಒಂದು ಜಾಗ ಇದೆ: ಬ್ರೋಮಿನ್ ನೀರಿಗೇ ಕಿತ್ತಳೆ ಬಣ್ಣ ಇರುವುದರಿಂದ ಪ್ರನಾಳ ಕಿತ್ತಳೆಯಾಗುತ್ತದೆ, "ಕ್ರಿಯೆ ಆಯಿತು ಮೇಡಂ" ಎಂದು ಬರೆದುಬಿಡುತ್ತಾರೆ. ಬರೀ ನೀರಿಗೆ ಅಷ್ಟೇ ಬ್ರೋಮಿನ್ ನೀರು ಹಾಕಿದ ಇನ್ನೊಂದು ಪ್ರನಾಳ ಪಕ್ಕದಲ್ಲಿ ಇಟ್ಟುಕೋ. ಎರಡರ ಬಣ್ಣ ಒಂದೇ ಇದ್ದರೆ ಏನೂ ಆಗಿಲ್ಲ ಎಂದರ್ಥ. ಮನೆಯಲ್ಲಿ ಬ್ಲೀಚಿಂಗ್ ಪೌಡರಿಗೆ ಆ್ಯಸಿಡ್ ಸುರಿದು ಕ್ಲೋರಿನ್ ಮಾಡಲು ಮಾತ್ರ ಹೋಗಬೇಡ. ಅದು ಶ್ವಾಸಕೋಶ ಸುಡುವ ಅನಿಲ.

ಹಾಗಾದರೆ ಸೊನ್ನೆ ಬಂದ ಉತ್ತರವನ್ನು ಹೀಗೆ ಬರೆಯಬಹುದಿತ್ತು: "ಹ್ಯಾಲೋಜನ್‌ಗಳು ಎಲೆಕ್ಟ್ರಾನ್ ಪಡೆದು ವರ್ತಿಸುತ್ತವೆ. ಬ್ರೋಮಿನ್‌ನಲ್ಲಿ ಒಂದು ಕವಚ ಜಾಸ್ತಿ ಇರುವುದರಿಂದ ಬರುವ ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿನಿಂದ ದೂರವಿರುತ್ತದೆ, ಒಳಗಿನ ಕವಚಗಳು ಅಡ್ಡ ಇರುತ್ತವೆ, ಆಕರ್ಷಣೆ ಕಡಿಮೆ. ಆದ್ದರಿಂದ ಕ್ಲೋರಿನ್‌ಗಿಂತ ಕ್ರಿಯಾಶೀಲತೆ ಕಡಿಮೆ." ನಿನ್ನ "ಆದ್ದರಿಂದ" ಅಲ್ಲೇ ಇದೆ. ಅದಕ್ಕೆ ಮೊದಲು ಎರಡು ಹೆಜ್ಜೆ ಸೇರಿದವು, ಅಷ್ಟೇ.

ಆವರ್ತದಲ್ಲಿ ಎಡದಿಂದ ಬಲಕ್ಕೆ ಕ್ರಿಯಾಶೀಲತೆ ಏನಾಗುತ್ತದೆ ಎಂದು ನೀನು ಕೇಳಲಿಲ್ಲ, ಆದರೆ ಪರೀಕ್ಷೆಯಲ್ಲಿ ಕೇಳುತ್ತಾರೆ. ಗಾತ್ರ ಒಂದೇ ಸಮನೆ ಇಳಿಯುತ್ತದೆ ಎಂದು ಕ್ರಿಯಾಶೀಲತೆಯೂ ಒಂದೇ ಕಡೆ ಹೋಗುವುದಿಲ್ಲ. ಎಡಗಡೆ ಕೊಡುವವರು, ಬಲಗಡೆ ತೆಗೆದುಕೊಳ್ಳುವವರು. ಸೋಡಿಯಂ ತಣ್ಣೀರಿನಲ್ಲೇ ಕುಣಿಯುತ್ತದೆ. ಮೆಗ್ನೀಸಿಯಂ ರಿಬ್ಬನ್ ತಣ್ಣೀರಿನಲ್ಲಿ ಸುಮ್ಮನೆ ಬಿದ್ದಿರುತ್ತದೆ, ಬಿಸಿ ನೀರಿನಲ್ಲಿ ಸಣ್ಣಗೆ ಗುಳ್ಳೆ ಬಿಡುತ್ತದೆ. ಅಲ್ಯುಮಿನಿಯಂ ಪಾತ್ರೆಯಲ್ಲಿ ನಾವು ನೀರೇ ಕಾಯಿಸುತ್ತೇವೆ. ಅದಕ್ಕೆ ಮೇಲಿನ ಆಕ್ಸೈಡ್ ಪದರದ ರಕ್ಷಣೆಯೂ ಇದೆ. ಮುರುಗಲ ಸಾರನ್ನು ಅದರಲ್ಲಿ ಇಡಬೇಡ ಎಂದು ಅಮ್ಮ ಬೈಯುವುದು ಹುಳಿ ಆ ಪದರವನ್ನು ತಿನ್ನುತ್ತದೆ ಎಂದೇ. ಸಿಲಿಕಾನ್ ಹತ್ತಿರ ಬಂದಾಗ ಕೊಡುವುದೂ ಕಷ್ಟ, ತೆಗೆದುಕೊಳ್ಳುವುದೂ ಕಷ್ಟ. ಅಲ್ಲಿಂದ ಮುಂದೆ ತೆಗೆದುಕೊಳ್ಳುವ ಕಡೆ ಏರುತ್ತಾ ಕ್ಲೋರಿನ್‌ಗೆ ಮುಟ್ಟುತ್ತದೆ, ಆರ್ಗಾನ್‌ನಲ್ಲಿ ನಿಂತೇ ಹೋಗುತ್ತದೆ. ಬಿಳಿ ರಂಜಕ ಗಾಳಿಯಲ್ಲಿ ತಾನೇ ಹೊತ್ತಿಕೊಳ್ಳುತ್ತದಲ್ಲ ಎಂದು ಕೇಳಬೇಡ. ಅದರ ನಾಲ್ಕು ಪರಮಾಣುಗಳ ಅಣು ಇಕ್ಕಟ್ಟಿನ ಕೋನಗಳಲ್ಲಿ ಬಾಗಿ ಕೂತಿರುತ್ತದೆ. ಆ ಚುರುಕು ಅಣುವಿನದು, ಪರಮಾಣುವಿನ ಗಾತ್ರದ್ದಲ್ಲ.

ನಿಯಮ ಜಾರುವ ಜಾಗಗಳೂ ಗೊತ್ತಿರಲಿ. ಮೊದಲನೆಯದು ಫ್ಲೋರಿನ್. 17ನೇ ಗುಂಪಿನಲ್ಲಿ ಅದೇ ಚಿಕ್ಕದು, 64 ಪಿಕೋಮೀಟರ್. ಹಾಗಾದರೆ ಎಲೆಕ್ಟ್ರಾನ್ ಪಡೆದಾಗ ಅತಿ ಹೆಚ್ಚು ಶಕ್ತಿ ಅದರಲ್ಲೇ ಹೊರಬರಬೇಕು. ಬರುವುದಿಲ್ಲ. ಕ್ಲೋರಿನ್‌ಗೆ 349 ಕಿಲೋಜೂಲ್, ಫ್ಲೋರಿನ್‌ಗೆ 328. ಎರಡನೇ ಕವಚ ಎಷ್ಟು ಇಕ್ಕಟ್ಟೆಂದರೆ ಅಲ್ಲಿ ಆಗಲೇ ಕೂತ ಏಳು ಎಲೆಕ್ಟ್ರಾನ್‌ಗಳು ಎಂಟನೆಯದನ್ನು ತಳ್ಳುತ್ತವೆ. ಹಬ್ಬದ ದಿನದ ಶಿರಸಿ ಬಸ್ಸು ನೆನಪಿಸಿಕೋ. ಆದರೂ ಕ್ರಿಯಾಶೀಲತೆಯಲ್ಲಿ ಫ್ಲೋರಿನ್ನೇ ಮೊದಲು. ಏಕೆಂದರೆ ಕ್ರಿಯೆ ನಡೆಯಬೇಕೆಂದರೆ ಮೊದಲು ಅಣುವಿನ ಜೋಡಿ ಬಿಡಿಸಬೇಕು. ಕ್ಲೋರಿನ್ ಜೋಡಿ ಬಿಡಿಸಲು 242 ಕಿಲೋಜೂಲ್, ಫ್ಲೋರಿನ್‌ಗೆ 158 ಸಾಕು. ಅದರ ಮೇಲೆ ಚಿಕ್ಕ ಫ್ಲೋರೈಡ್ ಅಯಾನ್ ಕಟ್ಟುವ ಬಂಧಗಳು ಬಿಗಿ. ಎಲೆಕ್ಟ್ರಾನ್ ಹಿಡಿಯುವಲ್ಲಿ ಕಳೆದುಕೊಂಡ 21ನ್ನು ಉಳಿದ ಕಡೆ ಬಡ್ಡಿ ಸಮೇತ ವಸೂಲು ಮಾಡುತ್ತದೆ.

ಎರಡನೆಯದು ಗ್ಯಾಲಿಯಂ. ಅಲ್ಯುಮಿನಿಯಂ ಕೆಳಗಿದೆ, ಒಂದು ಕವಚ ಜಾಸ್ತಿ. 143ಕ್ಕಿಂತ ದೊಡ್ಡದಿರಬೇಕಿತ್ತು, ಆದರೆ 135. ನಮ್ಮ ಜಾತ್ರೆಯ ಲೆಕ್ಕವನ್ನೇ ಹಾಕಿ ನೋಡು. ಅಲ್ಯುಮಿನಿಯಂನಲ್ಲಿ 13 ಪ್ರೋಟಾನ್; ಪಕ್ಕದ ಇಬ್ಬರಿಂದ 0.7, ಒಳಗಿನವರಿಂದ 8.8, ಉಳಿದ ಎಳೆತ 3.5. ಗ್ಯಾಲಿಯಂನಲ್ಲಿ 31 ಪ್ರೋಟಾನ್, ಎಲೆಕ್ಟ್ರಾನ್ 2, 8, 18, 3. ಪಕ್ಕದವರಿಂದ 0.7, ಮುಂದಿನ ಸಾಲಿನ ಹದಿನೆಂಟರಿಂದ 15.3, ಅದಕ್ಕೂ ಮುಂದಿನ ಹತ್ತರಿಂದ 10. ಒಟ್ಟು 26. ಉಳಿದ ಎಳೆತ 5. ಸೋಡಿಯಂ, ಪೊಟ್ಯಾಸಿಯಂನಲ್ಲಿ ಎಳೆತ ಬದಲಾಗಿರಲಿಲ್ಲ, ಇಲ್ಲಿ 3.5 ಇದ್ದದ್ದು 5 ಆಯಿತು. ಕಾರಣ ನಡುವೆ ಬಂದ ಸ್ಕ್ಯಾಂಡಿಯಂನಿಂದ ಸತುವಿನವರೆಗಿನ ಹತ್ತು ಧಾತುಗಳು. ಅಲ್ಲಿ ಹತ್ತು ಪ್ರೋಟಾನ್ ಸೇರಿದವು, ಆದರೆ ಜೊತೆಗೆ ಬಂದ ಹತ್ತು ಎಲೆಕ್ಟ್ರಾನ್ ಸರಿಯಾಗಿ ಅಡ್ಡ ನಿಲ್ಲಲಿಲ್ಲ. ಹೊಸ ಕವಚದಿಂದ ಬಂದ ದೂರವನ್ನು ಹೆಚ್ಚಾದ ಎಳೆತ ತಿಂದುಹಾಕಿತು. ಕ್ಲೋರಿನ್‌ನಿಂದ ಬ್ರೋಮಿನ್‌ಗೆ ಬರೀ 15 ಪಿಕೋಮೀಟರ್ ಬೆಳೆದದ್ದಕ್ಕೂ ಇದೇ ಕಾರಣ. ಸೋಡಿಯಂನಿಂದ ಪೊಟ್ಯಾಸಿಯಂಗೆ 45 ಬೆಳೆದಿತ್ತು, ನೆನಪಿದೆಯಾ?

ಮೂರನೆಯದು ಕರ್ಣದ ಹೋಲಿಕೆ. "Li, Na, Mg, Cl ಇವನ್ನು ಗಾತ್ರದ ಇಳಿಕೆ ಕ್ರಮದಲ್ಲಿ ಬರೆಯಿರಿ" ಎಂದು ಕೊಟ್ಟರೆ ಹೀಗೆ ಯೋಚಿಸು. ಸೋಡಿಯಂ, ಮೆಗ್ನೀಸಿಯಂ, ಕ್ಲೋರಿನ್ ಒಂದೇ ಆವರ್ತ, ಎಡದಿಂದ ಬಲಕ್ಕೆ ಇಳಿಕೆ: Na > Mg > Cl. ಲಿಥಿಯಂ ಸೋಡಿಯಂನ ಮೇಲಿದೆ, ಆದ್ದರಿಂದ ಅದಕ್ಕಿಂತ ಚಿಕ್ಕದು. ಆದರೆ ಲಿಥಿಯಂ ದೊಡ್ಡದೋ ಮೆಗ್ನೀಸಿಯಂ ದೊಡ್ಡದೋ? ಲಿಥಿಯಂನಿಂದ ಕೆಳಗೆ ಇಳಿದರೆ ದೊಡ್ಡದಾಗಬೇಕು, ಅಲ್ಲಿಂದ ಬಲಕ್ಕೆ ಸರಿದರೆ ಚಿಕ್ಕದಾಗಬೇಕು. ಎರಡು ಒಂದಕ್ಕೊಂದು ಎದುರು. ಯಾವುದು ಗೆಲ್ಲುತ್ತದೆ ಎಂದು ಬಾಣದ ಗುರುತುಗಳಿಂದ ಹೇಳಲು ಬರುವುದಿಲ್ಲ. ಪಟ್ಟಿ ನೋಡಿದರೆ ಲಿಥಿಯಂ 152, ಮೆಗ್ನೀಸಿಯಂ 160. ಹಾಗಾಗಿ Na > Mg > Li > Cl. ಪ್ರಶ್ನೆಪತ್ರಿಕೆಯಲ್ಲಿ ಅಂಕಿ ಕೊಡದೇ ಇದನ್ನು ಕೇಳಿದ್ದರೆ, ಪ್ರಶ್ನೆಯೇ ಸರಿ ಇಲ್ಲ ಎಂದು ನಿಮ್ಮ ಸರ್ ಹತ್ತಿರ ಧೈರ್ಯವಾಗಿ ಹೇಳಬಹುದು. ನಾನು ಹೇಳಿಕೊಟ್ಟೆ ಎಂದು ಮಾತ್ರ ಹೇಳಬೇಡ.